ಏಳುನೂರು ಪೆಟ್ಟಿಗೆಗಳ ಲೆಕ್ಕ



ನಮ್ಮ ಕರಾವಳಿಯ ಗೇರುಬೀಜದ ಕಾರ್ಖಾನೆಗಳಲ್ಲಿ ಸುಲಿದು, ಹದವಾಗಿ ಒಣಗಿಸಿ, ದರ್ಜೆವಾರು ವಿಂಗಡಿಸಿ, ಪೆಟ್ಟಿಗೆಗಳಲ್ಲಿ ತುಂಬಿಟ್ಟ ತಿರುಳು ಹಡಗನ್ನೇರಲು ಹೊರಡುವುದಕ್ಕೆ ಮೂರು ನಾಲ್ಕು ದಿನ ಮುಂಚಿತವಾಗಿಯೇ, ಅದಕ್ಕಿಂತ ಮುಂದಾಗಿ ಹೊರಡಬೇಕಾದ ಕಾಗದವೊಂದುಂಟು. ಯಾವ ಕಂಟೇನರಿನಲ್ಲಿ ಎಷ್ಟು ಪೆಟ್ಟಿಗೆಗಳು, ಯಾವ ದರ್ಜೆಯವು ಯಾವ ಸಾಲಿನಲ್ಲಿ, ಅವುಗಳ ಮೇಲೆ ಬರೆದ ಗುರುತು ಏನು, ಭರ್ತಿ ಮಾಡುವ ದಿನ ಯಾವುದು ಎಂಬ ವಿವರಗಳನ್ನು ಕಾರ್ಖಾನೆಯವರು ರಫ್ತುದಾರರಿಗೆ ಬರೆದು ತಿಳಿಸುವ ಪತ್ರವದು. ವ್ಯವಹಾರದಲ್ಲಿ ಅದನ್ನು ಲೋಡಿಂಗ್ ಪ್ಲಾನ್ ಎಂದು ಕರೆಯುತ್ತಾರೆ. ಅನೇಕ ಕಾರ್ಖಾನೆಗಳಲ್ಲಿ ಇದನ್ನು ಭರ್ತಿಯೆಲ್ಲ ಮುಗಿದ ಮೇಲೆ, ಆದದ್ದನ್ನು ವರದಿ ಮಾಡುವ ಚೀಟಿಯಂತೆ ಬರೆಯುವ ಪರಿಪಾಠ ಬೆಳೆದುಬಂದಿದೆ. ಆ ಪರಿಪಾಠವು ತಪ್ಪೆಂಬುದನ್ನೂ, ಈ ಪತ್ರವು ಭರ್ತಿಗೆ ಮೊದಲೇ ರಫ್ತುದಾರರ ಕೈಸೇರಿ ಅವರ ಒಪ್ಪಿಗೆಯನ್ನು ಪಡೆಯದ ಹೊರತು ಕಂಟೇನರಿನ ಬಾಗಿಲನ್ನು ತೆರೆಯಬಾರದೆಂಬುದನ್ನೂ, ಕರಾವಳಿಯ ಕಾರ್ಖಾನೆಯೊಂದರಿಂದ ರಾಟರ್‌ಡ್ಯಾಮಿಗೆ ಹೋಗುವ ಒಂದು ಸರಕಿನ ನಿದರ್ಶನದ ಮೂಲಕ ತಮ್ಮ ಮುಂದಿಡಲು ಅಪೇಕ್ಷಿಸುತ್ತೇನೆ.

ಹಿಂದೆ ಸರಕು ಬಿಡಿಬಿಡಿಯಾಗಿ ಹಡಗಿನ ಒಡಲಿಗೆ ಇಳಿಯುತ್ತಿದ್ದ ಕಾಲದಲ್ಲಿ, ಪ್ರತಿಯೊಂದು ಪೆಟ್ಟಿಗೆಯೂ ಬಂದರಿನ ಕಟ್ಟೆಯ ಮೇಲೆ ಎಣಿಕೆಯ ಗುಮಾಸ್ತನ ಕಣ್ಣೆದುರು ಹಾದುಹೋಗುತ್ತಿತ್ತು. ಹಡಗಿನ ಪಕ್ಷದವನೊಬ್ಬನು ಎಣಿಸುತ್ತಿದ್ದನು, ಸರಕಿನವರ ಪಕ್ಷದವನೊಬ್ಬನು ಎಣಿಸುತ್ತಿದ್ದನು. ಇಬ್ಬರ ಲೆಕ್ಕವೂ ಕೂಡಿಬಂದ ಮೇಲೆ ರಸೀದಿಯಾಗುತ್ತಿತ್ತು. 1956ರಲ್ಲಿ ಅಮೆರಿಕದ ಮ್ಯಾಲ್ಕಮ್ ಮೆಕ್ಲೀನ್ ಎಂಬ ಲಾರಿ ಉದ್ಯಮಿಯು ಐವತ್ತೆಂಟು ಅಲ್ಯೂಮಿನಿಯಂ ಪೆಟ್ಟಿಗೆಗಳನ್ನು ನೆವಾರ್ಕ್ ಬಂದರಿನಿಂದ ಹ್ಯೂಸ್ಟನ್ನಿಗೆ ಹಡಗಿನಲ್ಲಿ ಸಾಗಿಸಿದಂದಿನಿಂದ ಆರಂಭವಾದ ಪರಿವರ್ತನೆಯು ಈ ಎಣಿಕೆಯ ಸ್ಥಾನವನ್ನೇ ಬದಲಾಯಿಸಿಬಿಟ್ಟಿತು. ಈಗ ಕಾರ್ಖಾನೆಯ ಅಂಗಳದಲ್ಲಿ ತುಂಬಿ ಮುದ್ರೆಯೊತ್ತಿದ ಕಂಟೇನರು ಹಾಗೆಯೇ ಹಡಗನ್ನೇರಿ, ಹಾಗೆಯೇ ಇಳಿದು, ಕೊಳ್ಳುವವನ ಉಗ್ರಾಣದ ಬಾಗಿಲಲ್ಲಿ ತೆರೆಯಲ್ಪಡುತ್ತದೆ. ಆದಕಾರಣ ಹಡಗಿನ ಕಂಪನಿಯು ತಾನು ಕೊಡುವ ಬಿಲ್ ಆಫ್ ಲೇಡಿಂಗಿನಲ್ಲಿ, ಸರಕನ್ನು ತುಂಬಿದವರೂ, ಜೋಡಿಸಿದವರೂ, ಎಣಿಸಿದವರೂ ಕಳುಹಿಸುವವರೇ ಎಂದು ಸ್ಪಷ್ಟವಾಗಿ ನಮೂದಿಸುತ್ತದೆ. ಮುದ್ರೆ ಒಡೆಯದೆ ರಾಟರ್‌ಡ್ಯಾಮನ್ನು ತಲುಪಿದ ಕಂಟೇನರಿನಲ್ಲಿ ಏಳುನೂರಕ್ಕೆ ಬದಲಾಗಿ ಆರುನೂರ ತೊಂಬತ್ತೆಂಟು ಪೆಟ್ಟಿಗೆಗಳಿದ್ದರೆ, ಆ ಎರಡು ಪೆಟ್ಟಿಗೆಗಳ ಪ್ರಶ್ನೆಯು ಸಮುದ್ರವನ್ನು ಹಿಂದಕ್ಕೆ ದಾಟಿ ಕಾರ್ಖಾನೆಯ ಅಂಗಳಕ್ಕೇ ಬರುತ್ತದೆ. ಅಲ್ಲಿ ಅದಕ್ಕೆ ಉತ್ತರ ಕೊಡಬಲ್ಲ ಸಾಕ್ಷಿಯೆಂದರೆ ಈ ಯೋಜನಾಪತ್ರ ಮತ್ತು ಅದರ ಪ್ರಕಾರ ಬರೆದಿಟ್ಟ ಎಣಿಕೆಯ ಹಾಳೆ, ಇವೆರಡೇ.

ಇನ್ನು ನಿದರ್ಶನಕ್ಕೆ ಬರೋಣ. ಗೇರುತಿರುಳಿನ ಪೆಟ್ಟಿಗೆಯೊಂದರ ನಿವ್ವಳ ತೂಕವು 22.68 ಕಿಲೋಗ್ರಾಂ. ಈ ವಿಚಿತ್ರವಾದ ಸಂಖ್ಯೆಯು ಐವತ್ತು ಪೌಂಡಿನ ಲೆಕ್ಕದಿಂದ ಬಂದುದು; ಇಪ್ಪತ್ತೈದು ಪೌಂಡಿನ ತಗಡಿನ ಡಬ್ಬಗಳೆರಡನ್ನು ಒಂದು ಪೆಟ್ಟಿಗೆಯಲ್ಲಿಡುತ್ತಿದ್ದ ಕಾಲದ ಪದ್ಧತಿಯನ್ನು, ತಗಡಿನ ಬದಲು ಗಾಳಿ ತೆಗೆದ ಚೀಲಗಳು ಬಂದ ಮೇಲೂ ವ್ಯಾಪಾರವು ಕೈಬಿಡಲಿಲ್ಲ. ಇಪ್ಪತ್ತು ಅಡಿಯ ಒಂದು ಕಂಟೇನರಿಗೆ ಇಂತಹ ಏಳುನೂರು ಪೆಟ್ಟಿಗೆಗಳು, ಅಂದರೆ 15,876 ಕಿಲೋಗ್ರಾಂ ತಿರುಳು, ಎಂಬುದು ಈ ವ್ಯಾಪಾರದಲ್ಲಿ ರೂಢಿಯಾಗಿ ನಿಂತ ಪ್ರಮಾಣ. ನಮ್ಮ ನಿದರ್ಶನದಲ್ಲಿ ರಫ್ತುದಾರರ ಬೇಡಿಕೆಯು ಮೂರು ದರ್ಜೆಗಳದು: ಪೌಂಡಿಗೆ ಇನ್ನೂರ ನಲವತ್ತನ್ನು ಮೀರದಷ್ಟು ಬೀಜಗಳು ತೂಗುವ ಡಬ್ಲ್ಯೂ 240 ಇನ್ನೂರು ಪೆಟ್ಟಿಗೆ, ಅದಕ್ಕಿಂತ ಸಣ್ಣದಾದ ಡಬ್ಲ್ಯೂ 320 ನಾನ್ನೂರು ಪೆಟ್ಟಿಗೆ, ಎರಡು ಹೋಳಾದ ಸೀಳುಬೀಜ ನೂರು ಪೆಟ್ಟಿಗೆ.

ಏಳುನೂರು ಹಿಡಿಸುತ್ತದೆಂಬ ರೂಢಿಯ ಮಾತನ್ನು ನಂಬಿ ಕುಳಿತುಕೊಳ್ಳದೆ, ತಮ್ಮ ಪೆಟ್ಟಿಗೆಯ ಅಳತೆಗೆ ಅದು ಹಿಡಿಸುವುದೇ ಎಂದು ನೋಡುವುದು ಮೊದಲನೆಯ ಕೆಲಸ. ಇಪ್ಪತ್ತು ಅಡಿಯ ಸಾಮಾನ್ಯ ಕಂಟೇನರಿನ ಒಳ ಅಳತೆಯು ಉದ್ದದಲ್ಲಿ ಸುಮಾರು 589 ಸೆಂಟಿಮೀಟರು, ಅಗಲದಲ್ಲಿ 235, ಎತ್ತರದಲ್ಲಿ 239. ಬಾಗಿಲಿನ ಎತ್ತರವು ಅದಕ್ಕಿಂತ ಕಡಿಮೆಯಾಗಿ ಸುಮಾರು 228. ನಮ್ಮ ರಟ್ಟಿನ ಪೆಟ್ಟಿಗೆಯು 46 ಸೆಂಟಿಮೀಟರು ಉದ್ದ, 32 ಅಗಲ, 27 ಎತ್ತರವಿದೆಯೆಂದು ಇಟ್ಟುಕೊಳ್ಳೋಣ. ಪೆಟ್ಟಿಗೆಯ ಉದ್ದವನ್ನು ಕಂಟೇನರಿನ ಉದ್ದಕ್ಕೆ ಸರಿಯಾಗಿ ಹಿಡಿದು ಜೋಡಿಸಿದರೆ, ಅಡ್ಡಕ್ಕೆ ಏಳು, ಮೇಲಕ್ಕೆ ಎಂಟು, ಹೀಗೆ ಒಂದು ಸಾಲಿಗೆ ಐವತ್ತಾರು ಪೆಟ್ಟಿಗೆಗಳಾಗುತ್ತವೆ. ಇಂತಹ ಹನ್ನೆರಡು ಸಾಲುಗಳಿಗೆ 672. ಏಳುನೂರಕ್ಕೆ ಇನ್ನು ಇಪ್ಪತ್ತೆಂಟು ಕಡಿಮೆ. ಹನ್ನೆರಡು ಸಾಲುಗಳು 552 ಸೆಂಟಿಮೀಟರನ್ನು ಆಕ್ರಮಿಸಿದ ಮೇಲೆ ಬಾಗಿಲ ಬಳಿ ಉಳಿಯುವುದು 37 ಸೆಂಟಿಮೀಟರು ಮಾತ್ರವಾದುದರಿಂದ, ಹದಿಮೂರನೆಯ ಸಾಲನ್ನು ಅದೇ ಮುಖದಲ್ಲಿ ಇಡಲಾಗದು. ಆದರೆ ಪೆಟ್ಟಿಗೆಗಳನ್ನು ಅಡ್ಡಕ್ಕೆ ತಿರುಗಿಸಿದರೆ ಅವು 32 ಸೆಂಟಿಮೀಟರಿನ ಜಾಗದಲ್ಲಿ ನಿಲ್ಲುತ್ತವೆ. ಅಡ್ಡಕ್ಕೆ ಐದರಂತೆ ಐದು ಪದರ, ಅದರ ಮೇಲೆ ಮೂರು, ಒಟ್ಟು ಇಪ್ಪತ್ತೆಂಟು. ಕಾಗದದ ಮೇಲೆ ಲೆಕ್ಕವು ಸರಿಹೋಯಿತು, ಉದ್ದದಲ್ಲಿ ಐದು ಸೆಂಟಿಮೀಟರು ಮಿಕ್ಕಿತು.

ಈ ಐದು ಸೆಂಟಿಮೀಟರಿನ ಮೇಲೆ ಶ್ರೋತೃಗಳು ಸ್ವಲ್ಪ ಹೊತ್ತು ಮನಸ್ಸನ್ನು ನಿಲ್ಲಿಸಬೇಕೆಂದು ನನ್ನ ಪ್ರಾರ್ಥನೆ. ಏಕೆಂದರೆ ಭರ್ತಿಯ ದಿನ ಒದಗುವ ಫಜೀತಿಗಳಲ್ಲಿ ಹೆಚ್ಚಿನವು ಇಂತಹ ಸಣ್ಣ ಸಂದಿನಲ್ಲಿಯೇ ಹುಟ್ಟುತ್ತವೆ. 46 ಸೆಂಟಿಮೀಟರು ಎಂಬುದು ರಟ್ಟಿನ ಕಾರ್ಖಾನೆಯವರು ಕೊಟ್ಟ ಖಾಲಿ ಪೆಟ್ಟಿಗೆಯ ಅಳತೆ. ಚೀಲಗಳನ್ನಿಟ್ಟು, ಅಂಟುಪಟ್ಟಿ ಹಚ್ಚಿ, ಒಂದರ ಮೇಲೊಂದು ಎಂಟು ಪದರ ಪೇರಿಸಿದ ಮೇಲೆ ಪೆಟ್ಟಿಗೆಯ ಪಕ್ಕಗಳು ಉಬ್ಬುತ್ತವೆ. ಒಂದೊಂದೂ ಅರ್ಧ ಸೆಂಟಿಮೀಟರಿನಷ್ಟು ಉಬ್ಬಿದರೂ ಹನ್ನೆರಡು ಸಾಲುಗಳು 558 ಸೆಂಟಿಮೀಟರನ್ನು ತಿನ್ನುತ್ತವೆ. ಉಳಿಯುವ 31 ಸೆಂಟಿಮೀಟರಿನಲ್ಲಿ 32 ಸೆಂಟಿಮೀಟರಿನ ಪೆಟ್ಟಿಗೆ ನಿಲ್ಲಲಾರದು. ಮೇಲ್ಗಡೆ ಒಂಬತ್ತನೆಯ ಪದರವನ್ನಿಡೋಣವೆಂದರೆ ಅದು 243 ಸೆಂಟಿಮೀಟರಾಗಿ ಚಾವಣಿಯನ್ನೇ ಮೀರುತ್ತದೆ. ಆಗ ಇಪ್ಪತ್ತೆಂಟು ಪೆಟ್ಟಿಗೆಗಳು ಅಂಗಳದಲ್ಲಿ ಉಳಿಯುತ್ತವೆ. ಅತ್ತ ರಫ್ತುದಾರರ ಇನ್ವಾಯ್ಸು, ಪ್ಯಾಕಿಂಗ್ ಲಿಸ್ಟು, ಕಸ್ಟಮ್ಸಿಗೆ ಸಲ್ಲಿಸಿದ ಶಿಪ್ಪಿಂಗ್ ಬಿಲ್ಲುಗಳಲ್ಲೆಲ್ಲ ಏಳುನೂರು ಎಂದು ಬರೆದು ಆಗಿರುತ್ತದೆ. ಕೆಲವೆಡೆ ಕೂಲಿಯವರು ಬಾಗಿಲನ್ನು ಹೆಗಲುಕೊಟ್ಟು ನೂಕಿ ಮುಚ್ಚುವುದನ್ನೂ ನಾನು ಕಂಡಿದ್ದೇನೆ. ಹಾಗೆ ಮುಚ್ಚಿದ ಬಾಗಿಲಿನ ರಬ್ಬರಿನ ಅಂಚು ಸರಿಯಾಗಿ ಕೂಡದೆ, ಒತ್ತಿದ ಪೆಟ್ಟಿಗೆಗಳು ಬಿರಿದು, ಅವುಗಳೊಳಗಿನ ಚೀಲದ ಗಾಳಿಬಂಧ ಸಡಿಲುತ್ತದೆ.

ಇದಕ್ಕೆ ಪರಿಹಾರವು ಸರಳವಾದುದೇ. ಖಾಲಿ ಪೆಟ್ಟಿಗೆಯನ್ನಲ್ಲ, ತುಂಬಿ ಮುಚ್ಚಿದ ಹನ್ನೆರಡು ಪೆಟ್ಟಿಗೆಗಳನ್ನು ಗೋಡೆಗೆ ಒತ್ತಿ ಸಾಲಾಗಿಟ್ಟು, ಮೇಲೆ ಪದರಗಳನ್ನು ಪೇರಿಸಿ ಒಂದು ರಾತ್ರಿ ಬಿಟ್ಟು, ಮರುದಿನ ಆ ಸಾಲಿನ ಒಟ್ಟು ಉದ್ದವನ್ನು ಅಳೆಯಬೇಕು. ಅದು 555 ಸೆಂಟಿಮೀಟರಿನೊಳಗೆ ಬಂದರೆ ಏಳುನೂರೆಂದು ಧೈರ್ಯವಾಗಿ ಬರೆಯಬಹುದು. ಮೀರಿದರೆ 672 ಎಂದೇ ಬರೆದು, ಉಳಿದುದನ್ನು ಏನು ಮಾಡಬೇಕೆಂದು ರಫ್ತುದಾರರನ್ನು ಆಗಲೇ ಕೇಳಬೇಕು. ಅವರಿಗೆ ಅದು ಅಪ್ರಿಯವಾದ ವಾರ್ತೆಯೇ ಸರಿ. ಆದರೆ ಶಿಪ್ಪಿಂಗ್ ಬಿಲ್ಲು ಸಲ್ಲಿಸುವ ಮೊದಲು ಕೇಳಿದ ಅಪ್ರಿಯವಾರ್ತೆಯನ್ನು ಅವರು ಒಂದು ಪತ್ರದಲ್ಲಿ ಪರಿಹರಿಸಿಕೊಳ್ಳಬಲ್ಲರು, ಸಲ್ಲಿಸಿದ ಮೇಲಾದರೆ 1962ರ ಕಸ್ಟಮ್ಸ್ ಕಾಯಿದೆಯ ಮೇರೆಗೆ ತಿದ್ದುಪಡಿಗಾಗಿ ಅರ್ಜಿ ಹಾಕಿ ಅಧಿಕಾರಿಯ ಅಪ್ಪಣೆಗಾಗಿ ಕಾಯಬೇಕು, ಹಡಗು ಮಾತ್ರ ಕಾಯುವುದಿಲ್ಲ.

ಪತ್ರದಲ್ಲಿ ಒಟ್ಟು ಸಂಖ್ಯೆಯನ್ನು ಬರೆದರೆ ಸಾಲದು. ಪೆಟ್ಟಿಗೆಗಳ ಕ್ರಮಾಂಕವನ್ನೂ ಅವು ನಿಲ್ಲುವ ಸ್ಥಳವನ್ನೂ ಕೂಡಿಸಿ ಬರೆಯಬೇಕು. ನಮ್ಮ ನಿದರ್ಶನದಲ್ಲಿ ಡಬ್ಲ್ಯೂ 240ಕ್ಕೆ 1ರಿಂದ 200, ಡಬ್ಲ್ಯೂ 320ಕ್ಕೆ 201ರಿಂದ 600, ಸೀಳುಬೀಜಕ್ಕೆ 601ರಿಂದ 700 ಎಂದು ಒಂದೇ ಸರಣಿಯಲ್ಲಿ ಕ್ರಮಾಂಕಗಳನ್ನು ಕೊಡಬೇಕು. ಪ್ರತಿ ದರ್ಜೆಗೂ ಹೊಸದಾಗಿ ಒಂದರಿಂದ ಎಣಿಸತೊಡಗಿದರೆ ಒಂದನೆಯ ಪೆಟ್ಟಿಗೆಗಳು ಮೂರಾಗುತ್ತವೆ. ಯಾವುದಾದರೊಂದು ಒದ್ದೆಯಾಯಿತೆಂದು ಕೊಳ್ಳುವವನು ಬರೆದರೆ, ಅದು ಮೂರರಲ್ಲಿ ಯಾವುದೆಂದು ತಿಳಿಯುವ ಉಪಾಯವಿಲ್ಲ. ಮೇಲೆ ಹೇಳಿದ ಜೋಡಣೆಯಲ್ಲಿ ಮೊದಲ ಮೂರು ಸಾಲುಗಳು ಪೂರ್ಣವಾಗಿ ಡಬ್ಲ್ಯೂ 240ರವು, ಅಂದರೆ 1ರಿಂದ 168. ನಾಲ್ಕನೆಯ ಸಾಲಿನಲ್ಲಿ ಎಡಗಡೆಯಿಂದ ನಾಲ್ಕು ನಿಲುವುಗಳು, ಒಂದೊಂದು ನಿಲುವಿಗೆ ಎಂಟರಂತೆ ಮೂವತ್ತೆರಡು ಪೆಟ್ಟಿಗೆಗಳು, ಅದೇ ದರ್ಜೆಯವು. ಉಳಿದ ಮೂರು ನಿಲುವುಗಳಲ್ಲಿ ಡಬ್ಲ್ಯೂ 320 ಆರಂಭವಾಗುತ್ತದೆ. ಐದರಿಂದ ಹತ್ತರವರೆಗಿನ ಸಾಲುಗಳೆಲ್ಲ ಅದರವೇ. ಹನ್ನೊಂದನೆಯ ಸಾಲಿನ ಐದು ನಿಲುವುಗಳಲ್ಲಿ ಆ ನಾನ್ನೂರು ಮುಗಿದು, ಕೊನೆಯ ಎರಡು ನಿಲುವುಗಳಿಂದ ಸೀಳುಬೀಜ ತೊಡಗಿ, ಹನ್ನೆರಡನೆಯ ಸಾಲನ್ನು ತುಂಬಿ, ಬಾಗಿಲ ಬಳಿಯ ಇಪ್ಪತ್ತೆಂಟರಲ್ಲಿ 700ಕ್ಕೆ ಕೊನೆಗೊಳ್ಳುತ್ತದೆ. ದರ್ಜೆಗಳು ಸಂಧಿಸುವ ನಾಲ್ಕನೆಯ ಮತ್ತು ಹನ್ನೊಂದನೆಯ ಸಾಲುಗಳಲ್ಲಿ ನಡುವೆ ಕಂದು ಕಾಗದದ ಹಾಳೆಯೊಂದನ್ನು ಇಳಿಬಿಟ್ಟರೆ ತೆರೆಯುವವನಿಗೆ ಗಡಿಯು ಕಣ್ಣಿಗೆ ಕಾಣುತ್ತದೆ. ಯಾವ ದರ್ಜೆಯು ಬಾಗಿಲ ಬಳಿ ಇರಬೇಕೆಂಬುದನ್ನು ಕಾರ್ಖಾನೆಯವರು ತಾವಾಗಿಯೇ ನಿರ್ಧರಿಸಬಾರದು. ಕೊಳ್ಳುವವನಿಗೆ ಮೊದಲು ಬೇಕಾದುದು ಬಾಗಿಲಲ್ಲಿರಬೇಕು, ಅದು ಯಾವುದೆಂದು ರಫ್ತುದಾರರಿಗೆ ಗೊತ್ತು.

ಹೀಗೆ ಸಾಲುಸಾಲಾಗಿ ಬರೆದುದರಿಂದ ಭರ್ತಿಯ ಸಮಯದಲ್ಲಿ ಎಣಿಕೆಯೂ ಸುಲಭವಾಗುತ್ತದೆ. ಒಳಗಡೆ ಪೇರಿಸುವವನಲ್ಲದೆ ಬಾಗಿಲಲ್ಲಿ ಒಬ್ಬನು ನಿಂತು, ಪ್ರತಿ ಸಾಲು ಮುಗಿದಾಗಲೂ ಐವತ್ತಾರು ಆಯಿತೇ ಎಂದು ನೋಡಿ, ಕೊನೆಯ ಪೆಟ್ಟಿಗೆಯ ಕ್ರಮಾಂಕವನ್ನು ಬರೆದುಕೊಂಡು, ಒಂದು ಭಾವಚಿತ್ರವನ್ನು ತೆಗೆಯಬೇಕು. ಐದನೆಯ ಸಾಲಿನ ಕೊನೆಯಲ್ಲಿ 280 ಬರಬೇಕಾದಲ್ಲಿ 281 ಬಂದರೆ, ಒಂದು ಪೆಟ್ಟಿಗೆ ಎಲ್ಲಿಯೋ ಹಿಂದೆ ಉಳಿದಿದೆಯೆಂಬುದು ಆ ಕ್ಷಣದಲ್ಲೇ ತಿಳಿಯುತ್ತದೆ. ಏಳುನೂರನ್ನೂ ತುಂಬಿ ಮುಗಿಸಿದ ಮೇಲೆ ಒಂದು ಕಡಿಮೆಯೆಂದು ಕಂಡರೆ, ಹುಡುಕುವುದಕ್ಕಾಗಿ ಇಡೀ ಕಂಟೇನರನ್ನು ಇಳಿಸಬೇಕಾಗುತ್ತದೆ. ಇಳಿಸಲು ಬೇಸತ್ತವರು ಲೆಕ್ಕವನ್ನೇ ಸರಿಯೆಂದು ಬರೆದುಬಿಡುವ ಪ್ರಲೋಭನೆಯು ಅಲ್ಲಿಯೇ ಹುಟ್ಟುತ್ತದೆ.

ಇನ್ನು ಶಿಪ್ಪಿಂಗ್ ಮಾರ್ಕಿನ ವಿಷಯ. ಪೆಟ್ಟಿಗೆಯ ಮೇಲೆ ಬರೆಯುವ ಈ ಗುರುತು ಅಲಂಕಾರಕ್ಕಾಗಿ ಇರುವುದಲ್ಲ. ದಸ್ತಾವೇಜಿನಲ್ಲಿ ಹೇಳಿದ ಸರಕು ಇದೇ ಎಂದು ಕಣ್ಣಿನಿಂದ ಹೋಲಿಸಿ ನೋಡಲು ಇರುವ ಏಕಮಾತ್ರ ಸಾಧನ. ಹಿಂದಿನ ವರ್ತಕರು ಒಂದು ವಜ್ರಾಕೃತಿಯನ್ನು ಬರೆದು ಅದರೊಳಗೆ ಕೊಳ್ಳುವವನ ಹೆಸರಿನ ಅಕ್ಷರಗಳನ್ನಿಡುತ್ತಿದ್ದರು. ಈ ಆಕೃತಿಗಳನ್ನು ಬೆರಳಚ್ಚಿನಲ್ಲಿಯೂ ಯಂತ್ರದ ಸಂದೇಶಗಳಲ್ಲಿಯೂ ಯಥಾವತ್ತಾಗಿ ಕೊಡಲಾಗುವುದಿಲ್ಲವಾದುದರಿಂದ, ವಿಶ್ವಸಂಸ್ಥೆಯ ಯೂರೋಪಿನ ಆರ್ಥಿಕ ಆಯೋಗವು ತನ್ನ ಹದಿನೈದನೆಯ ಶಿಫಾರಸಿನಲ್ಲಿ ಅವನ್ನು ಬಿಟ್ಟು ನಾಲ್ಕೇ ಅಂಶಗಳನ್ನು ಈ ಅನುಕ್ರಮದಲ್ಲಿ ಬರೆಯುವಂತೆ ಸೂಚಿಸಿತು: ಕೊಳ್ಳುವವನ ಹೆಸರಿನ ಸಂಕ್ಷೇಪ, ಬೇಡಿಕೆಯ ಸಂಖ್ಯೆ, ತಲುಪುವ ಸ್ಥಳ, ಪೆಟ್ಟಿಗೆಯ ಕ್ರಮಾಂಕ. ಒಟ್ಟು ಹತ್ತು ಪಂಕ್ತಿಗಳನ್ನೂ, ಒಂದು ಪಂಕ್ತಿಗೆ ಹದಿನೇಳು ಅಕ್ಷರಗಳನ್ನೂ ಮೀರಬಾರದೆಂದೂ ಅದರಲ್ಲಿ ಹೇಳಿದೆ. ನಮ್ಮ ಸರಕಿನಲ್ಲಾದರೆ ಮೊದಲನೆಯ ಪಂಕ್ತಿಯಲ್ಲಿ ಕೊಳ್ಳುವವನ ಮೂರು ಅಕ್ಷರಗಳು, ಎರಡನೆಯದರಲ್ಲಿ ಅವನ ಆರ್ಡರಿನ ಸಂಖ್ಯೆ, ಮೂರನೆಯದರಲ್ಲಿ ರಾಟರ್‌ಡ್ಯಾಮ್, ನಾಲ್ಕನೆಯದರಲ್ಲಿ 1/700, 2/700 ಎಂಬ ಕ್ರಮಾಂಕ. ದರ್ಜೆ, ತೂಕ, ತಯಾರಿಕೆಯ ತಂಡದ ಸಂಖ್ಯೆ, ಉತ್ಪತ್ತಿಯ ದೇಶ ಇವೂ ಪೆಟ್ಟಿಗೆಯ ಮೇಲೆ ಇರತಕ್ಕವೇ. ಆದರೆ ಅವು ಬೇರೆ ಮುಖದಲ್ಲಿರಲಿ, ಮಾರ್ಕಿನೊಡನೆ ಬೆರೆಯದಿರಲಿ ಎಂಬುದು ನನ್ನ ಅಭಿಪ್ರಾಯ. ಮಾರ್ಕು ಉದ್ದವಾದಷ್ಟೂ ಯಾವುದೋ ಒಂದು ದಸ್ತಾವೇಜಿನಲ್ಲಿ ಅದರ ಒಂದು ತುಂಡು ಬಿಟ್ಟುಹೋಗುವ ಸಂಭವ ಹೆಚ್ಚು.

ಕೊಳ್ಳುವವನು ಬ್ಯಾಂಕಿನ ಲೆಟರ್ ಆಫ್ ಕ್ರೆಡಿಟ್ ಮೂಲಕ ಹಣವನ್ನು ಕೊಡುವ ಏರ್ಪಾಡಿದ್ದರೆ ಈ ವಿಷಯದಲ್ಲಿ ಇಮ್ಮಡಿ ಎಚ್ಚರಿಕೆ ಅಗತ್ಯ. ಬ್ಯಾಂಕಿನವರು ಸರಕನ್ನು ನೋಡುವುದಿಲ್ಲ, ಕಾಗದಗಳನ್ನು ನೋಡುತ್ತಾರೆ. ಒಂದು ಕಾಗದದ ಸಂಗತಿಯು ಇನ್ನೊಂದಕ್ಕೆ ವಿರುದ್ಧವಾಗಿರಬಾರದೆಂಬುದು ಅವರ ಅಂತಾರಾಷ್ಟ್ರೀಯ ನಿಯಮಾವಳಿಯ ವಿಧಿ. ಆದ್ದರಿಂದ ಕಾರ್ಖಾನೆಯವರು ಮಾರ್ಕನ್ನು ಫೋನಿನಲ್ಲಿ ಕೇಳಿ ಬರೆದುಕೊಳ್ಳಬಾರದು. ರಫ್ತುದಾರರು ಬರೆದು ಕೊಟ್ಟುದನ್ನೇ ಅಕ್ಷರಕ್ಕೆ ಅಕ್ಷರ, ಚುಕ್ಕೆಗೆ ಚುಕ್ಕೆ ನಕಲು ಮಾಡಿ, ಅಚ್ಚಾದ ಒಂದು ಪೆಟ್ಟಿಗೆಯ ಭಾವಚಿತ್ರವನ್ನು ತೆಗೆದು ಯೋಜನಾಪತ್ರದೊಡನೆ ಕಳುಹಿಸಿ, ಸರಿಯಾಗಿದೆಯೆಂಬ ಉತ್ತರ ಬಂದ ಮೇಲೆಯೇ ಉಳಿದ 699ಕ್ಕೆ ಕೈಹಾಕಬೇಕು. ಕ್ರಮಾಂಕವು ಪೆಟ್ಟಿಗೆಯ ತುದಿಯ ಮುಖದ ಮೇಲೆಯೂ ಇರಬೇಕೆಂಬುದನ್ನು ಮರೆಯಬಾರದು. ನಮ್ಮ ಜೋಡಣೆಯಲ್ಲಿ ಬಾಗಿಲಿಗೆ ಎದುರಾಗಿ ಕಾಣುವುದು ಆ ಮುಖವೇ. ಉದ್ದನೆಯ ಪಕ್ಕದ ಮೇಲೆ ಮಾತ್ರ ಬರೆದರೆ ಸಾಲುವಾರು ತೆಗೆದ ಭಾವಚಿತ್ರಗಳಲ್ಲಿ ಒಂದು ಅಂಕಿಯೂ ಕಾಣದು. ಅಡ್ಡ ತಿರುಗಿಸಿದ ಕೊನೆಯ ಇಪ್ಪತ್ತೆಂಟಕ್ಕೆ ಮಾತ್ರ ಉದ್ದನೆಯ ಪಕ್ಕದಲ್ಲಿಯೂ ಅಂಕಿ ಬೇಕು.

ಭರ್ತಿಯ ದಿನಾಂಕವನ್ನು ಗೊತ್ತುಮಾಡುವುದು ಹಡಗಿನಿಂದ ಹಿಂದಕ್ಕೆ ಎಣಿಸುವ ಲೆಕ್ಕ. ಪಣಂಬೂರಿನ ನವಮಂಗಳೂರು ಬಂದರಿನಲ್ಲಿ ಶನಿವಾರ ಮಧ್ಯಾಹ್ನಕ್ಕೆ ಕಂಟೇನರುಗಳನ್ನು ಒಳಗೆ ಬಿಡುವುದು ಮುಗಿಯುತ್ತದೆಂದು ಭಾವಿಸೋಣ. ಕಾರ್ಕಳದ ಕಡೆಯ ಕಾರ್ಖಾನೆಯಿಂದ ಅಲ್ಲಿಗೆ ಲಾರಿಯು ಅರ್ಧ ದಿನದಲ್ಲಿ ಹೋಗಬಹುದಾದರೂ, ಶುಕ್ರವಾರವನ್ನು ಆಪತ್ತಿಗೆಂದು ಮೀಸಲಿಟ್ಟು ಗುರುವಾರ ಬೆಳಗ್ಗೆ ಭರ್ತಿಯಿಡುವುದು ಯುಕ್ತ. ಅದಕ್ಕಿಂತ ಬಹಳ ಮೊದಲೇ ತುಂಬಿದರೆ ಕಂಟೇನರು ಬಿಸಿಲಿನಲ್ಲಿ ನಿಂತು ಕಾಯುವುದಲ್ಲದೆ, ಹಡಗಿನವರು ಕೊಟ್ಟ ಉಚಿತ ದಿನಗಳು ತೀರಿ ಬಾಡಿಗೆಯು ಏರತೊಡಗುತ್ತದೆ. 2017ರಿಂದೀಚೆಗೆ ಅಧಿಕಾರಿಯ ಸಮಕ್ಷಮಕ್ಕೆ ಬದಲಾಗಿ, ಅನುಮತಿ ಪಡೆದ ರಫ್ತುದಾರರು ತಾವೇ ವಿದ್ಯುನ್ಮಾನ ಮುದ್ರೆಯನ್ನು ಹಾಕುವ ಪದ್ಧತಿ ಬಂದಿರುವುದು ಸರಿಯಷ್ಟೆ. ಆ ಮುದ್ರೆಯ ವಿವರಗಳಲ್ಲಿ ಶಿಪ್ಪಿಂಗ್ ಬಿಲ್ಲಿನ ಸಂಖ್ಯೆ, ಕಂಟೇನರು ಮತ್ತು ಲಾರಿಯ ಸಂಖ್ಯೆಗಳು, ಮುದ್ರೆ ಹಾಕಿದ ದಿನ ಮತ್ತು ಗಳಿಗೆಯೂ ಸೇರಿ ಹೋಗುತ್ತವೆ. ಎಂದಮೇಲೆ ಗುರುವಾರದ ಮುದ್ರೆಗೆ ಬುಧವಾರವೇ ಶಿಪ್ಪಿಂಗ್ ಬಿಲ್ಲು ಸಿದ್ಧವಾಗಿರಬೇಕು. ಅದಕ್ಕೆ ಬೇಕಾದ ಸಂಖ್ಯೆ ಮತ್ತು ತೂಕಗಳು ಮಂಗಳವಾರ ರಫ್ತುದಾರರ ಮೇಜಿನ ಮೇಲಿರಬೇಕು. ಅಂದರೆ ತುಂಬಿದ ಪೆಟ್ಟಿಗೆಗಳ ಸಾಲನ್ನು ಗೋಡೆಗೊತ್ತಿ ಪೇರಿಸುವ ಕೆಲಸ ಭಾನುವಾರವೇ ಆಗಿ, ಸೋಮವಾರ ಅಳತೆಯಾಗಿ ಪತ್ರವು ಹೊರಡಬೇಕು. ಭರ್ತಿಯಾದ ಮೇಲೆ ಬರೆದ ಪತ್ರವು ಈ ಸರಪಳಿಯ ಯಾವ ಕೊಂಡಿಗೂ ಉಪಯೋಗಕ್ಕೆ ಬಾರದು.

ದಿನಾಂಕವನ್ನು ಬರೆಯುವಾಗ ತಿಂಗಳನ್ನು ಅಕ್ಷರಗಳಲ್ಲಿಯೇ ಬರೆಯಬೇಕು. 5/6 ಎಂಬುದನ್ನು ಒಬ್ಬನು ಜೂನ್ ಐದೆಂದೂ ಇನ್ನೊಬ್ಬನು ಮೇ ಆರೆಂದೂ ಓದಬಲ್ಲನು. ದಿನದೊಡನೆ ಗಳಿಗೆಯನ್ನೂ, ಭರ್ತಿಯ ಸ್ಥಳದ ವಿಳಾಸವನ್ನೂ, ಮಳೆಗಾಲದಲ್ಲಾದರೆ ಅಂದು ಸಾಧ್ಯವಾಗದಿದ್ದಲ್ಲಿ ಮರುದಿನವೇ ಎಂಬ ಬದಲಿ ದಿನವನ್ನೂ ಸೂಚಿಸಬೇಕು. ಆಷಾಢದ ಮಳೆಯಲ್ಲಿ ಮಾಡಿಲ್ಲದ ಅಂಗಳದಲ್ಲಿ ತುಂಬುವುದು ಸರ್ವಥಾ ಕೂಡದು. ರಟ್ಟು ಹೀರಿದ ತೇವವು ಮುಚ್ಚಿದ ಕಂಟೇನರಿನಲ್ಲಿಯೇ ಉಳಿದು, ಹಡಗು ತಣ್ಣನೆಯ ಪ್ರದೇಶವನ್ನು ಸೇರಿದಾಗ ಚಾವಣಿಯ ಉಕ್ಕಿಗೆ ತಾಗಿ ಹನಿಗಟ್ಟಿ, ಮೇಲಿನ ಪದರದ ಪೆಟ್ಟಿಗೆಗಳ ಮೇಲೆ ತೊಟ್ಟಿಕ್ಕುತ್ತದೆ. ಶೇಕಡಾ ಐದನ್ನು ಮೀರದ ತೇವಾಂಶದಲ್ಲಿ ಜೋಪಾನವಾಗಿ ಒಣಗಿಸಿದ ತಿರುಳಿಗೆ ಚೀಲದ ಬಂಧ ಸಡಿಲವಾದೆಡೆಯಲ್ಲಿ ಬೂಷ್ಟು ಹಿಡಿಯುವುದು ಹೀಗೆ. ಎಂಟನೆಯ ಪದರದ ಮೇಲೆ ಉಳಿಯುವ ಇಪ್ಪತ್ತು ಸೆಂಟಿಮೀಟರಿಗೆ ಮೀರಿದ ಜಾಗದಲ್ಲಿ ದಪ್ಪ ಕಾಗದವನ್ನು ಹಾಸಿ, ಪಕ್ಕದ ಸಂದುಗಳಲ್ಲಿ ತೇವ ಹೀರುವ ಚೀಲಗಳನ್ನು ತೂಗುಹಾಕುವುದಾಗಿ ಪತ್ರದಲ್ಲಿಯೇ ಬರೆದರೆ, ಅದಕ್ಕಾಗುವ ಖರ್ಚು ಯಾರದೆಂಬ ಚರ್ಚೆಯೂ ಮೊದಲೇ ಮುಗಿಯುತ್ತದೆ.

ಖಾಲಿ ಕಂಟೇನರು ಬಂದಾಗ ಒಳಗೆ ನಿಂತು ಬಾಗಿಲುಗಳನ್ನು ಮುಚ್ಚಿಸಿಕೊಂಡು, ಚಾವಣಿಯಲ್ಲಾಗಲಿ ಮೂಲೆಗಳಲ್ಲಾಗಲಿ ಬೆಳಕಿನ ಚುಕ್ಕೆ ಕಾಣುವುದೇ ಎಂದು ನೋಡಿ, ಹಿಂದಿನ ಸರಕಿನ ವಾಸನೆಯಿದೆಯೇ ಎಂದು ಮೂಸಿ ನೋಡದೆ ಒಪ್ಪಿಕೊಳ್ಳಬಾರದು. ಬೆಳಕು ಬರುವಲ್ಲಿ ನೀರೂ ಬರುತ್ತದೆ, ಗೇರುತಿರುಳಿನ ಎಣ್ಣೆಯು ವಾಸನೆಯನ್ನು ಬೇಗ ಹೀರುತ್ತದೆ. ಅಂತಹದನ್ನು ಹಿಂದಕ್ಕೆ ಕಳುಹಿಸಿ ಬೇರೆಯದನ್ನು ತರಿಸಲು ಶುಕ್ರವಾರವನ್ನು ಮೀಸಲಿಟ್ಟದ್ದು ಆಗ ಉಪಯೋಗಕ್ಕೆ ಬರುತ್ತದೆ.

ಭರ್ತಿ ಮುಗಿದು ಮುದ್ರೆ ಬಿದ್ದ ಸಂಜೆ ಎರಡನೆಯ ಪತ್ರವೊಂದು ಹೋಗಬೇಕು, ಅದು ಚಿಕ್ಕದು. ಕಂಟೇನರಿನ ಸಂಖ್ಯೆ, ಮುದ್ರೆಯ ಸಂಖ್ಯೆ, ಸಾಲುವಾರು ಭಾವಚಿತ್ರಗಳು, ಮತ್ತು ತೂಕ. 2016ರ ಜುಲೈ 1ರಿಂದ ತೂಕವನ್ನು ದೃಢೀಕರಿಸದ ಕಂಟೇನರನ್ನು ಹಡಗಿಗೆ ಏರಿಸುವಂತಿಲ್ಲ. ಪೆಟ್ಟಿಗೆಯೊಂದರ ಒಟ್ಟು ತೂಕವು 24 ಕಿಲೋಗ್ರಾಮಾದರೆ ಏಳುನೂರಕ್ಕೆ 16,800. ಕಾಗದ ಮೊದಲಾದವಕ್ಕೆ 40. ಬಾಗಿಲ ಮೇಲೆ ಬರೆದಿರುವ ಕಂಟೇನರಿನ ಸ್ವಂತ ತೂಕ 2,250 ಆದರೆ ಎಲ್ಲ ಕೂಡಿ 19,090 ಕಿಲೋಗ್ರಾಂ. ತೂಕದ ಸೇತುವೆಯ ಚೀಟಿಯು ಇದಕ್ಕೆ ಹತ್ತಿರವಾಗಿ ಬಂದರೆ ಸರಿ. ಕಾಟೆಯು ಸೂಕ್ಷ್ಮವಾದುದಲ್ಲವಾದ್ದರಿಂದ ಒಂದೆರಡು ಪೆಟ್ಟಿಗೆಗಳ ವ್ಯತ್ಯಾಸವನ್ನು ಅದು ತೋರಿಸಿಕೊಡಲಾರದು, ಅದಕ್ಕೆ ಸಾಲುವಾರು ಎಣಿಕೆಯೇ ಆಧಾರ. ಯೋಜನೆಯಲ್ಲಿ ಬರೆದುದಕ್ಕೂ ನಡೆದುದಕ್ಕೂ ಏನಾದರೂ ವ್ಯತ್ಯಾಸವಿದ್ದರೆ, 437ನೆಯ ಪೆಟ್ಟಿಗೆ ಹರಿದುದರಿಂದ ಅದೇ ದರ್ಜೆಯ, ಅದೇ ಕ್ರಮಾಂಕ ಬರೆದ ಬೇರೆ ಪೆಟ್ಟಿಗೆಯನ್ನು ಇಡಲಾಯಿತು, ಅದರ ತಯಾರಿಕೆಯ ತಂಡದ ಸಂಖ್ಯೆ ಇಂತಹುದು, ಎಂಬಷ್ಟು ಸಣ್ಣ ವಿಷಯವಾದರೂ, ಅದನ್ನು ಈ ಎರಡನೆಯ ಪತ್ರದ ಮೊದಲನೆಯ ವಾಕ್ಯದಲ್ಲಿಯೇ ಬರೆಯತಕ್ಕದ್ದು. ರಫ್ತುದಾರರು ಅಂದು ರಾತ್ರಿಯೇ ಬಿಲ್ ಆಫ್ ಲೇಡಿಂಗಿನ ಕರಡನ್ನು ಹಡಗಿನ ಕಂಪನಿಗೆ ಕಳುಹಿಸುವವರಿರುತ್ತಾರೆ.